ಬಂದವರು ತಂದದ್ದೆಷ್ಟು, ಹೋದವರು ಒಯ್ದದ್ದೆಷ್ಟು

1948ರ ಆಗಸ್ಟ್ 14, ಶನಿವಾರ. ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ತಂಡ ಬರೀ 52 ರನ್ನಿಗೆ ಗಂಟುಮೂಟೆ ಕಟ್ಟಿತ್ತು. ಆಸ್ಟ್ರೇಲಿಯಾದ ಮೊದಲ ವಿಕೆಟ್ 117ಕ್ಕೆ ಬಿದ್ದಾಗ ಡಾನ್ ಬ್ರಾಡ್ಮನ್ ಬ್ಯಾಟ್ ಹಿಡಿದು ಇಳಿದರು. ಅದು ಅವರ ಕೊನೆಯ ಟೆಸ್ಟ್. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎದುರಾಳಿ ನಾಯಕ ನಾರ್ಮನ್ ಯಾರ್ಡ್ಲಿ ತನ್ನ ಆಟಗಾರರನ್ನು ಸೇರಿಸಿ ಜಯಕಾರ ಹಾಕಿಸಿದರು. ಎರಿಕ್ ಹಾಲೀಸ್ ಎಸೆದ ಎರಡನೆಯ ಎಸೆತ, ಒಂದು ಗೂಗ್ಲಿ, ಅವರನ್ನು ವಂಚಿಸಿ ವಿಕೆಟ್ಟಿಗೆ ಬಡಿಯಿತು. ಸೊನ್ನೆಗೆ ಔಟ್. ಆಸ್ಟ್ರೇಲಿಯಾ ಇನಿಂಗ್ಸ್ ಅಂತರದಿಂದಲೇ ಗೆದ್ದದ್ದರಿಂದ ಮತ್ತೊಮ್ಮೆ ಬ್ಯಾಟ್ ಮಾಡುವ ಪ್ರಮೇಯವೇ ಬರಲಿಲ್ಲ.

ನಾಲ್ಕು ರನ್ ಹೊಡೆದಿದ್ದರೆ ಅವರ ಸರಾಸರಿ ಸರಿಯಾಗಿ 100 ಆಗುತ್ತಿತ್ತು, ಆಗಲಿಲ್ಲ, 99.94ಕ್ಕೆ ನಿಂತಿತು ಎಂಬುದು ಕ್ರಿಕೆಟ್ ಬಲ್ಲವರಿಗೆಲ್ಲ ಬಾಯಿಪಾಠ. ಆದರೆ ಒಂದೇ ಒಂದು ಸೊನ್ನೆ, ಇಪ್ಪತ್ತು ವರ್ಷ ಕೂಡಿಟ್ಟ ಸರಾಸರಿಯನ್ನು ಎಷ್ಟು ಕೆಳಗೆಳೆಯಿತು? ಅಷ್ಟೇ ಏಕೆ ಎಳೆಯಿತು, ಇನ್ನೂ ಹೆಚ್ಚು ಏಕಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಪರೀಕ್ಷೆಗಳಲ್ಲಿ ಬರುವ ಸರಾಸರಿ ಲೆಕ್ಕಗಳ ಗುಟ್ಟೂ ಸಿಗುತ್ತದೆ, ಪತ್ರಿಕೆಗಳಲ್ಲಿ ಓದುವ ‘ವಾಡಿಕೆ ಮಳೆ’ಯ ಗುಟ್ಟೂ ಸಿಗುತ್ತದೆ.

ಮೊದಲು ಗೋಲಿಯಾಟದಿಂದ ಶುರುಮಾಡುವುದು ಸುಲಭ. ನಾಲ್ವರು ಹುಡುಗರ ಬಳಿ ಸರಾಸರಿ ಹತ್ತು ಹತ್ತು ಗೋಲಿಗಳಿವೆ. ಯಾರ ಜೇಬಿನಲ್ಲಿ ಎಷ್ಟಿದೆಯೋ ಬೇಡ, ಎಲ್ಲವನ್ನೂ ನೆಲಕ್ಕೆ ಸುರಿದು ಸಮಪಾಲು ಮಾಡಿದರೆ ತಲೆಗೆ ಹತ್ತು. ಅಷ್ಟರಲ್ಲಿ ಐದನೆಯವನೊಬ್ಬ ಇಪ್ಪತ್ತೈದು ಗೋಲಿ ಹಿಡಿದು ಬರುತ್ತಾನೆ. ಈಗ ತಲೆಗೆಷ್ಟು? ಎಲ್ಲವನ್ನೂ ಮತ್ತೆ ಕೂಡಿ ಐದರಿಂದ ಭಾಗಿಸಬಹುದು. ಅದಕ್ಕಿಂತ ಚುರುಕಾದ ದಾರಿಯೊಂದಿದೆ. ಬಂದವನು ತನ್ನ ಪಾಲಿನ ಹತ್ತನ್ನು ಮೊದಲು ತನ್ನ ಮುಂದೆ ಇಟ್ಟುಕೊಳ್ಳಲಿ. ಅವನ ಕೈಯಲ್ಲಿ ಮಿಕ್ಕದ್ದು ಹದಿನೈದು. ಅದನ್ನು ತನ್ನನ್ನೂ ಸೇರಿಸಿ ಐವರಿಗೂ ಹಂಚಲಿ. ತಲೆಗೆ ಮೂರು ಬಂತು. ಸರಾಸರಿ ಹತ್ತರಿಂದ ಹದಿಮೂರಕ್ಕೆ ಏರಿತು.

ಹೊಸಬರು ಸೇರುವ ಎಲ್ಲ ಲೆಕ್ಕಗಳೂ ಇಷ್ಟೇ. ಬಂದವರು ಹಳೆಯ ಸರಾಸರಿಗಿಂತ ಎಷ್ಟು ಹೆಚ್ಚು ತಂದರು ಎಂದು ನೋಡಬೇಕು. ಆ ಹೆಚ್ಚುವರಿಯನ್ನು ಈಗಿರುವ ಒಟ್ಟು ತಲೆಗಳಿಗೆ ಹಂಚಬೇಕು. ಬಂದವರು ಕಡಿಮೆ ತಂದಿದ್ದರೆ ಅದು ಕೊರತೆ. ಆ ಕೊರತೆಯನ್ನೂ ಅಷ್ಟೇ ತಲೆಗಳು ಹಂಚಿಕೊಂಡು ಹೊರಬೇಕು. ಭಾಗಿಸುವಾಗ ಹಳೆಯ ಸಂಖ್ಯೆಯಿಂದಲ್ಲ, ಹೊಸಬರನ್ನೂ ಎಣಿಸಿದ ಸಂಖ್ಯೆಯಿಂದ. ಎಡವುವವರಲ್ಲಿ ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ.

ಇನ್ನು ಓವಲ್ಲಿಗೆ. ಬ್ಯಾಟಿಂಗ್ ಸರಾಸರಿಯಲ್ಲಿ ‘ತಲೆ’ ಎಂದರೆ ಆಡಿದ ಇನಿಂಗ್ಸ್ ಅಲ್ಲ, ಔಟಾದ ಸಲ. ಬ್ರಾಡ್ಮನ್ 52 ಟೆಸ್ಟುಗಳಲ್ಲಿ 80 ಇನಿಂಗ್ಸ್ ಆಡಿದರು. ಅದರಲ್ಲಿ 10 ಸಲ ಔಟಾಗದೆ ಉಳಿದರು. ಹಾಗಾಗಿ ಅವರ ರನ್ನುಗಳನ್ನು ಭಾಗಿಸಬೇಕಾದ್ದು 70ರಿಂದ. ಕೊನೆಯ ಸಲ ಮೈದಾನಕ್ಕೆ ಇಳಿಯುವ ಮುನ್ನ ಅವರ ಲೆಕ್ಕದಲ್ಲಿ 6996 ರನ್ನುಗಳೂ 69 ಔಟುಗಳೂ ಇದ್ದವು. ಸರಾಸರಿ 101.39. ಎಪ್ಪತ್ತನೆಯ ಸದಸ್ಯ ಬರಿಗೈಲಿ ಬಂದ. ಅವನಿಗೂ ಪಾಲು ಕೊಡಬೇಕಲ್ಲ, ಅವನ ಕೊರತೆ ಪೂರ್ತಿ 101.39. ಅದನ್ನು ಎಪ್ಪತ್ತು ಜನ ಹಂಚಿಕೊಂಡರೆ ತಲೆಗೆ 1.45. ಆದ್ದರಿಂದ 101.39 ಇದ್ದದ್ದು 99.94ಕ್ಕೆ ಇಳಿಯಿತು.

ಆ ನಾಲ್ಕು ರನ್ನಿನ ಲೆಕ್ಕವೂ ಇದರಲ್ಲೇ ಇದೆ. ಎಪ್ಪತ್ತು ತಲೆಗಳಿಗೆ ತಲಾ ನೂರೆಂದರೆ 7000 ರನ್. ಕೈಯಲ್ಲಿದ್ದದ್ದು 6996. ಹಾಗೆಯೇ ಇನ್ನೊಂದು ಮಾತು. 101.39 ಅಲುಗದೆ ಇದ್ದಲ್ಲೇ ಇರಬೇಕಿದ್ದರೆ ಆ ಮನುಷ್ಯ ತನ್ನ ವಿದಾಯದ ಇನಿಂಗ್ಸಿನಲ್ಲಿ ಒಂದು ಶತಕ ಹೊಡೆದು ಅದರ ಮೇಲೆ ಒಂದೆರಡು ರನ್ ಸೇರಿಸಬೇಕಿತ್ತು. ನೂರು ರನ್ ಗಳಿಸಿ ಔಟಾದರೂ ಸರಾಸರಿ ಕೂದಲೆಳೆಯಷ್ಟು ಇಳಿದೇ ಇಳಿಯುತ್ತಿತ್ತು. ಇಂಥ ವಿಚಿತ್ರ ಸ್ಥಿತಿ ಟೆಸ್ಟ್ ಕ್ರಿಕೆಟ್ಟಿನಲ್ಲಿ ಬಹುಕಾಲ ಆಡಿದ ಬೇರೆ ಯಾವ ಬ್ಯಾಟರಿಗೂ ಒದಗಿದ್ದಿಲ್ಲ.

ಇದೇ ಬ್ರಾಡ್ಮನ್ನರ ಮೊದಲ ದಿನಗಳನ್ನು ನೋಡಿದರೆ ಸರಾಸರಿ ಎಷ್ಟು ಹಗುರವಾಗಿ ಕುಣಿಯುತ್ತಿತ್ತು ಎಂದು ತಿಳಿಯುತ್ತದೆ. 1928ರಲ್ಲಿ ಬ್ರಿಸ್ಬೇನಿನಲ್ಲಿ ಆಡಿದ ಮೊದಲ ಟೆಸ್ಟಿನಲ್ಲಿ ಅವರು ಗಳಿಸಿದ್ದು 18 ಮತ್ತು 1. ಸರಾಸರಿ ಒಂಬತ್ತೂವರೆ! ಮುಂದಿನ ಟೆಸ್ಟಿಗೆ ಅವರನ್ನು ತಂಡದಿಂದಲೇ ಕೈಬಿಟ್ಟರು. ಮರಳಿ ಬಂದ ಮೇಲೆ ಮೆಲ್ಬರ್ನಿನಲ್ಲಿ 79 ಮತ್ತು 112 ಹೊಡೆದರು. ಆ 79, ಹಳೆಯ ಸರಾಸರಿಗಿಂತ 69.5 ಹೆಚ್ಚು. ಹಂಚಿಕೊಳ್ಳುವವರು ಮೂವರೇ ಆದದ್ದರಿಂದ ತಲೆಗೆ 23ಕ್ಕೂ ಹೆಚ್ಚು ಬಂದು ಸರಾಸರಿ ಒಮ್ಮೆಗೇ 32.67ಕ್ಕೆ ನೆಗೆಯಿತು. ಮರು ಇನಿಂಗ್ಸಿನ 112 ಅದನ್ನು 52.5ಕ್ಕೆ ಏರಿಸಿತು. ಅಂದರೆ ಒಂದೇ ಟೆಸ್ಟಿನಲ್ಲಿ 43 ಏರಿಕೆ. ಇಪ್ಪತ್ತು ವರ್ಷಗಳ ಬಳಿಕ ಸೊನ್ನೆಯಂಥ ಸೊನ್ನೆಯೂ ಒಂದೂವರೆಯಷ್ಟನ್ನು ಕೂಡ ಇಳಿಸಲಾಗಲಿಲ್ಲ. ಪಂಕ್ತಿ ಚಿಕ್ಕದಿದ್ದಾಗ ಒಬ್ಬರು ಹೆಚ್ಚಿಗೆ ಬಂದು ಕೂತರೂ ಸಾರಿನ ಪಾತ್ರೆಯ ಮಟ್ಟದಲ್ಲಿ ಗೊತ್ತಾಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರಿಗೂ ತಿಳಿಯುವುದಿಲ್ಲ.

ನಮ್ಮ ರಾಹುಲ್ ದ್ರಾವಿಡ್ ಅವರ ಪಂಕ್ತಿ ಇನ್ನೂ ಉದ್ದದ್ದು. 2012ರ ಜನವರಿಯಲ್ಲಿ ಅಡಿಲೇಡಿನಲ್ಲಿ ಆಡಿದ ಕೊನೆಯ ಇನಿಂಗ್ಸಿನಲ್ಲಿ ಅವರು 25 ರನ್ನಿಗೆ ಔಟಾದರು. ಅಷ್ಟರೊಳಗೆ ಅವರ ಹೆಸರಿನಲ್ಲಿ 253 ಔಟುಗಳಿದ್ದವು, ಸರಾಸರಿ 52.42. ಬಂದ ಹೊಸಬನಲ್ಲಿ 27 ರನ್ ಕೊರತೆಯಿದ್ದರೂ 254 ತಲೆಗಳಿಗೆ ಹಂಚಿದಾಗ ಅದು ಒಂದರ ಹತ್ತನೇ ಒಂದು ಭಾಗವಾಯಿತು, ಅಷ್ಟೆ. ಸರಾಸರಿ 52.31ಕ್ಕೆ ನಿಂತಿತು. ಅವರು ಸೊನ್ನೆಗೇ ಔಟಾಗಿದ್ದರೂ 52.22ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಆಡಿದ ಆಟಗಾರ ಎರಡು ಸರಣಿ ಕೆಟ್ಟದಾಗಿ ಆಡಿದರೂ ‘ಸರಾಸರಿ ನೋಡಿ, ಇನ್ನೂ ಐವತ್ತರ ಮೇಲಿದೆ’ ಎಂದು ವಾದಿಸುವ ಅಭಿಮಾನಿಗಳು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಆ ಅಂಕಿಗೆ ಅಷ್ಟು ಬೇಗ ಅಲುಗಾಡುವ ತ್ರಾಣವೇ ಇರುವುದಿಲ್ಲ.

ಔಟಾಗದೆ ಉಳಿದ ಇನಿಂಗ್ಸಿನ ಕಥೆ ಬೇರೆ. ಅಲ್ಲಿ ರನ್ನುಗಳು ಬರುತ್ತವೆ, ಆದರೆ ಪಾಲು ಕೇಳುವ ಹೊಸ ತಲೆ ಬರುವುದಿಲ್ಲ. ಗೋಲಿಯ ಲೆಕ್ಕದಲ್ಲಿ ಹೇಳುವುದಾದರೆ, ಯಾರೋ ದಾರಿಹೋಕ ಗೋಲಿಗಳ ಚೀಲವನ್ನು ಸುರಿದು ತನ್ನ ಪಾಡಿಗೆ ತಾನು ನಡೆದುಬಿಟ್ಟ ಹಾಗೆ. ಓವಲ್ಲಿಗೆ ಮೊದಲಿನ ಲೀಡ್ಸ್ ಟೆಸ್ಟಿನಲ್ಲಿ ಆದದ್ದು ಇದೇ. ಆಸ್ಟ್ರೇಲಿಯಾ ಕೊನೆಯ ದಿನ 404 ರನ್ ಬೆನ್ನಟ್ಟಿ ಗೆದ್ದಿತು, ಬ್ರಾಡ್ಮನ್ 173 ಗಳಿಸಿ ಔಟಾಗದೆ ಉಳಿದರು. ಆ ಇನಿಂಗ್ಸಿಗೆ ಮುಂಚೆ ಅವರ ಲೆಕ್ಕ 6823 ರನ್, 69 ಔಟು, ಸರಾಸರಿ 98.88. ನೂರಕ್ಕಿಂತ ಕೆಳಗೇ ಇತ್ತು! 173ನ್ನೂ ಅದೇ 69 ತಲೆಗಳಿಗೆ ಹಂಚಿದ್ದರಿಂದ ತಲೆಗೆ ಎರಡೂವರೆ ಏರಿ 101.39 ಆಯಿತು. ಅಲ್ಲಿ ಅವರು 173ಕ್ಕೆ ಔಟಾಗಿದ್ದರೆ? 6996ನ್ನು 70ರಿಂದ ಭಾಗಿಸಬೇಕಾಗುತ್ತಿತ್ತು. ಅಂದರೆ 99.94 ಎಂಬ ಅಂಕಿ ಲೀಡ್ಸಿನಲ್ಲೇ ಹುಟ್ಟಿಬಿಡುತ್ತಿತ್ತು. ಆಮೇಲೆ ಓವಲ್ಲಿನ ಸೊನ್ನೆ ಅದನ್ನು 98.54ಕ್ಕೆ ಇಳಿಸುತ್ತಿತ್ತು. ನಾಲ್ಕು ರನ್ನಿನ ದಂತಕಥೆ ಹುಟ್ಟಲು ಓವಲ್ಲಿನಲ್ಲಿ ಔಟಾದದ್ದು ಎಷ್ಟು ಕಾರಣವೋ ಲೀಡ್ಸಿನಲ್ಲಿ ಔಟಾಗದೇ ಇದ್ದದ್ದೂ ಅಷ್ಟೇ ಕಾರಣ.

ಅದಕ್ಕೂ ಹಿಂದಿನ ಕೊಂಡಿಯೊಂದು ಭಾರತದ್ದು. 1947–48ರಲ್ಲಿ ಲಾಲಾ ಅಮರನಾಥ್ ನಾಯಕತ್ವದಲ್ಲಿ ಸ್ವತಂತ್ರ ಭಾರತದ ತಂಡ ಮೊದಲ ಸಲ ಆಸ್ಟ್ರೇಲಿಯಾಕ್ಕೆ ಹೋಯಿತು. ಆಗ ಬ್ರಾಡ್ಮನ್ನರ ಸರಾಸರಿ 97.85. ನಮ್ಮ ಬೌಲರುಗಳ ಮೇಲೆ ಅವರು 185, 13, 132, ಔಟಾಗದೆ 127, 201, ಔಟಾಗದೆ 57 ಹೊಡೆದರು. ಒಟ್ಟು 715 ರನ್, ಔಟಾದದ್ದು ನಾಲ್ಕು ಸಲ. ನಾಲ್ವರು ಹೊಸಬರು ತಮ್ಮ ಪಾಲೆಂದು ಸುಮಾರು 391 ಇಟ್ಟುಕೊಂಡರೂ 324ರಷ್ಟು ಮಿಕ್ಕಿತು. ಅದನ್ನು 63 ತಲೆಗಳಿಗೆ ಹಂಚಿದರೆ ತಲೆಗೆ 5ಕ್ಕಿಂತ ಹೆಚ್ಚು. ಸರಾಸರಿ 102.98ಕ್ಕೆ ಹೋಗಿ ಕೂತಿತು. ಓವಲ್ಲಿನಲ್ಲಿ ಕೈತಪ್ಪಿದ ನೂರನ್ನು ಅವರ ಕೈಗೆಟಕುವ ಹಾಗೆ ಮಾಡಿಕೊಟ್ಟವರಲ್ಲಿ ಭಾರತದ ಬೌಲರುಗಳೂ ಇದ್ದಾರೆ.

ಇದು ಸೇರ್ಪಡೆಯ ಲೆಕ್ಕ. ಒಬ್ಬರು ಹೋಗಿ ಅವರ ಜಾಗಕ್ಕೆ ಇನ್ನೊಬ್ಬರು ಬರುವುದು ಅದರ ದಾಯಾದಿ ಎನ್ನಬಹುದು. ನೋಡಲು ಒಂದೇ ಥರ, ಸ್ವಭಾವ ಮಾತ್ರ ಬೇರೆ. ಎಫ್‌ಡಿಎ, ಪಿಡಿಒ, ಪಿಎಸ್‌ಐ ಪರೀಕ್ಷೆಗಳಿಗೆ ಓದುವವರನ್ನು ಕಾಡುವುದು ಹೆಚ್ಚಾಗಿ ಇದೇ.

ಧಾರವಾಡವೋ ವಿಜಯನಗರವೋ, ಯಾವುದಾದರೂ ಕೋಚಿಂಗ್ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತರೆ ಇಂಥ ಪ್ರಶ್ನೆ ಕಿವಿಗೆ ಬೀಳುತ್ತದೆ: ‘ಏಳು ಜನರ ಕಬಡ್ಡಿ ತಂಡದಲ್ಲಿ 68 ಕೆ.ಜಿ. ತೂಗುವ ಆಟಗಾರನೊಬ್ಬ ಹೊರಹೋಗಿ ಹೊಸಬನೊಬ್ಬ ಬಂದ. ತಂಡದ ಸರಾಸರಿ ತೂಕ 2 ಕೆ.ಜಿ. ಹೆಚ್ಚಾಯಿತು. ಹೊಸಬನ ತೂಕ ಎಷ್ಟು?’ ಪ್ರಶ್ನೆ ಓದಿದ ಕೂಡಲೇ ಅರ್ಧ ತರಗತಿ ಪೆನ್ನು ಕೆಳಗಿಡುತ್ತದೆ. ‘ಸರ್, ಸರಾಸರಿಯನ್ನೇ ಕೊಟ್ಟಿಲ್ಲವಲ್ಲ!’

ಕೊಡಬೇಕಾಗಿಯೂ ಇಲ್ಲ. ಹೋದವನು ಖಾಲಿ ಮಾಡಿದ ಜಾಗದಲ್ಲೇ ಬಂದವನು ಕೂತ. ತಲೆ ಏಳು ಇದ್ದದ್ದು ಏಳೇ ಉಳಿಯಿತು. ಹಾಗಿರುವಾಗ ಹೊಸಬ ತನಗಾಗಿ ಒಂದು ಪಾಲನ್ನು ಪ್ರತ್ಯೇಕವಾಗಿ ಎತ್ತಿಡಬೇಕಾದ ಪ್ರಶ್ನೆಯೇ ಬರುವುದಿಲ್ಲ. ಅವನು ಹೋದವನಿಗಿಂತ ಎಷ್ಟು ಹೆಚ್ಚು ತೂಗುತ್ತಾನೋ ಅಷ್ಟೂ ಏಳು ಜನರಿಗೆ ಹಂಚಿಹೋಗುತ್ತದೆ. ಏಳು ಜನರಿಗೆ ತಲಾ ಎರಡೆರಡು ಕೆ.ಜಿ. ಸಿಕ್ಕಿದೆ ಎಂದರೆ ಒಟ್ಟು ಹದಿನಾಲ್ಕು. 68ಕ್ಕೆ 14 ಕೂಡಿಸಿದರೆ 82. ತಂಡದ ಸರಾಸರಿ ಮೊದಲು 70 ಇತ್ತೋ 75 ಇತ್ತೋ ಯಾರಿಗೆ ಬೇಕು?

ಸೇರ್ಪಡೆಯಲ್ಲಿ ಹೋಲಿಕೆ ನಡೆಯುವುದು ಬಂದವನಿಗೂ ಸರಾಸರಿಗೂ. ಬದಲಾವಣೆಯಲ್ಲಿ ಹೋಲಿಕೆ ಬಂದವನಿಗೂ ಹೋದವನಿಗೂ. ಈ ಒಂದು ವ್ಯತ್ಯಾಸವನ್ನು ಬಿಗಿಯಾಗಿ ಹಿಡಿದುಕೊಂಡರೆ ಸೂತ್ರವನ್ನು ಉರುಹೊಡೆಯುವ ಗೊಡವೆಯೇ ಇಲ್ಲ. ಹಿಡಿದುಕೊಳ್ಳದವರ ಉತ್ತರ ಪತ್ರಿಕೆ ನೋಡಿದರೆ ತಪ್ಪು ಎಲ್ಲಾಯಿತೆಂದು ಬೆರಳಿಟ್ಟು ತೋರಿಸಬಹುದು. 70 ಎಂದು ಗುರುತು ಹಾಕಿದವರು ಸರಾಸರಿಯ ಏರಿಕೆಯನ್ನೇ ಹೋದವನ ತೂಕಕ್ಕೆ ಕೂಡಿದ್ದಾರೆ. ಏರಿಕೆ ಏಳು ಜನರದ್ದೆಂದು ಮರೆತಿದ್ದಾರೆ. 84 ಎಂದವರು ಹೊಸಬನನ್ನು ಎಂಟನೆಯವನೆಂದು ಎಣಿಸಿದ್ದಾರೆ. 54 ಎಂದು ಬರೆದವರು ಹದಿನಾಲ್ಕನ್ನು ಕಳೆದಿದ್ದಾರೆ, ಸರಾಸರಿ ಏರಿದೆ ಎಂಬ ಮಾತನ್ನೇ ಗಮನಿಸಿಲ್ಲ. ಬಹು ಆಯ್ಕೆಯ ಪ್ರಶ್ನೆ ತಯಾರಿಸುವವರು ಇದನ್ನೆಲ್ಲ ಚೆನ್ನಾಗಿ ಬಲ್ಲರು. ಈ ಮೂರೂ ತಪ್ಪುಗಳನ್ನು ಸರಿಯುತ್ತರದ ಪಕ್ಕದಲ್ಲೇ ಕೂರಿಸಿರುತ್ತಾರೆ.

ವಯಸ್ಸಿನ ಲೆಕ್ಕದಲ್ಲಿ ಇನ್ನೊಂದು ಕಳ್ಳಗುಂಡಿ ಇರುತ್ತದೆ, ಅದು ಕಾಲ. ತೂಕದ ಹಾಗೆ ವಯಸ್ಸು ಸುಮ್ಮನೆ ಕೂರುವುದಿಲ್ಲವಲ್ಲ. ಐವರಿದ್ದ ಕುಟುಂಬವೊಂದರ ಸರಾಸರಿ ವಯಸ್ಸು ನಾಲ್ಕು ವರ್ಷಗಳ ಹಿಂದೆ 32 ಇತ್ತು. ಆಮೇಲೆ ಮನೆಗೊಂದು ಮಗು ಬಂತು. ಈಗ ಆರೂ ಜನರ ಸರಾಸರಿ ಮೂವತ್ತೂವರೆ. ಮಗುವಿಗೆಷ್ಟು ವಯಸ್ಸು? ಅವಸರದಲ್ಲಿ 32ನ್ನೇ ಹಳೆಯ ಸರಾಸರಿಯೆಂದು ಇಟ್ಟುಕೊಂಡು ಹೊರಟವರಿಗೆ 23 ಎಂಬ ಉತ್ತರ ಸಿಗುತ್ತದೆ! ನಾಲ್ಕು ವರ್ಷದೊಳಗೆ ಹುಟ್ಟಿದ ಕೂಸಿಗೆ ಮೀಸೆ ಬಂದಿರುತ್ತದೆ. ಈ ನಾಲ್ಕು ವರ್ಷಗಳಲ್ಲಿ ಐವರಿಗೂ ನಾಲ್ಕು ನಾಲ್ಕು ವರ್ಷ ಏರಿ, ಮಗುವಿಲ್ಲದಿದ್ದರೂ ಸರಾಸರಿ 36 ಆಗಿಬಿಟ್ಟಿರುತ್ತಿತ್ತು. ಅಲ್ಲಿಂದ ಮೂವತ್ತೂವರೆಗೆ ಇಳಿಯಬೇಕೆಂದರೆ ಐವರೂ ತಲಾ ಐದೂವರೆ ವರ್ಷವನ್ನು ಮಗುವಿಗೆ ಕೊಟ್ಟಿದ್ದಾರೆ, ಒಟ್ಟು ಇಪ್ಪತ್ತೇಳೂವರೆ. ಅಷ್ಟು ಸಿಕ್ಕ ಮೇಲೆ ಮಗುವಿನ ಪಾಲು ಮೂವತ್ತೂವರೆ ಆಗಿದೆ ಎಂದರೆ ಅದು ತಾನಾಗಿ ತಂದದ್ದು ಮೂರು ವರ್ಷ. ಮಗುವಿಗೆ ಮೂರು ವರ್ಷ ವಯಸ್ಸು.

ಬದಲಾವಣೆಯ ಲೆಕ್ಕದಲ್ಲಿ ಒಂದು ಸೋಜಿಗವಿದೆ. ಆ ಕಬಡ್ಡಿ ತಂಡದ ಸರಾಸರಿ 75 ಕೆ.ಜಿ. ಎಂದೇ ಇಟ್ಟುಕೊಳ್ಳೋಣ. 68 ಕೆ.ಜಿ.ಯವನು ಹೋಗಿ 72 ಕೆ.ಜಿ.ಯವನು ಬಂದ. ಬಂದವನು ಸರಾಸರಿಗಿಂತ ಹಗುರ. ಆದರೂ ತಂಡದ ಸರಾಸರಿ ಏರಿತು, ಏಳನೇ ನಾಲ್ಕು ಕೆ.ಜಿ.ಯಷ್ಟು, ಅಂದರೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಅವನೇ ಎಂಟನೆಯವನಾಗಿ ಸೇರಿದ್ದರೆ ಸರಾಸರಿ ಇಳಿಯುತ್ತಿತ್ತು. ಅದೇ ಮನುಷ್ಯ, ಅದೇ ತೂಕ. ಹಿಂದಿನವನು ಎದ್ದುಹೋದನೋ ಇಲ್ಲವೋ ಎಂಬುದರ ಮೇಲೆ ಅವನು ಸರಾಸರಿಯನ್ನು ಮೇಲೆತ್ತುತ್ತಾನೋ ಕೆಳಗೆಳೆಯುತ್ತಾನೋ ಎಂಬುದು ನಿರ್ಧಾರವಾಗುತ್ತದೆ. ಹಾಗಾಗಿ ಸರಾಸರಿ ಏರಿದ್ದನ್ನಷ್ಟೇ ನೋಡಿ ‘ಬಂದವರು ಗಟ್ಟಿಗರು’ ಎನ್ನುವ ಹಾಗಿಲ್ಲ. ಹೋದವರು ತೀರಾ ಪೀಚಾಗಿದ್ದಿರಬಹುದು.

ಪರೀಕ್ಷೆಯ ಕೋಣೆ ದಾಟಿ ಹೊಲದ ಬದುವಿಗೆ ಬಂದರೆ ಈ ಸೋಜಿಗಕ್ಕೆ ತೂಕ ಬರುತ್ತದೆ.

ಜೂನ್ ಬಂತೆಂದರೆ ಪತ್ರಿಕೆಗಳಲ್ಲಿ ‘ವಾಡಿಕೆ ಮಳೆ’ ಎಂಬ ಮಾತು ದಿನವೂ ಕಾಣುತ್ತದೆ. ವಾಡಿಕೆಗಿಂತ ಶೇ 12 ಕಡಿಮೆ, ವಾಡಿಕೆಗಿಂತ ಶೇ 20 ಹೆಚ್ಚು. ಕೇಳಿದರೆ ತಾತ ಮುತ್ತಾತಂದಿರ ಕಾಲದಿಂದ ಸುರಿಯುತ್ತ ಬಂದ, ಬದಲಾಗದ ಅಳತೆಯೊಂದಿದೆ ಎನಿಸುತ್ತದೆ. ಹಾಗೇನಿಲ್ಲ. ಭಾರತೀಯ ಹವಾಮಾನ ಇಲಾಖೆ ವಾಡಿಕೆ ಎನ್ನುವುದು ಐವತ್ತು ವರ್ಷಗಳ ಸರಾಸರಿಗೆ. ಸುಮಾರು ಹತ್ತು ವರ್ಷಕ್ಕೊಮ್ಮೆ ಅದು ಪಂಕ್ತಿಯ ಒಂದು ತುದಿಯಿಂದ ಹತ್ತು ವರ್ಷಗಳನ್ನು ಎಬ್ಬಿಸಿ, ಇನ್ನೊಂದು ತುದಿಯಲ್ಲಿ ಹೊಸ ಹತ್ತು ವರ್ಷಗಳನ್ನು ಕೂರಿಸುತ್ತದೆ. ಇದು ಸೇರ್ಪಡೆಯಲ್ಲ, ಅಪ್ಪಟ ಬದಲಾವಣೆ. ತಲೆಗಳು ಐವತ್ತೇ ಉಳಿಯುತ್ತವೆ.

ಇಂಥ ಬದಲಾವಣೆಯನ್ನು ಇಲಾಖೆ 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅಲ್ಲಿಯವರೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿಗೆ ದೇಶದ ವಾಡಿಕೆ 880.6 ಮಿಲಿಮೀಟರ್ ಇತ್ತು. ಅದು 1961ರಿಂದ 2010ರವರೆಗಿನ ಸರಾಸರಿ. ಹೊಸ ಪಂಕ್ತಿ 1971ರಿಂದ 2020ರವರೆಗಿನದು, ಅದರ ಸರಾಸರಿ 868.6 ಮಿ.ಮೀ. ಇಳಿದದ್ದು 12 ಮಿ.ಮೀ. ‘ಅಷ್ಟೇ ತಾನೆ’ ಎನ್ನುವಷ್ಟು ಚಿಕ್ಕದು. ಒಂದು ಒಳ್ಳೆಯ ಮಳೆ ಹತ್ತು ನಿಮಿಷದಲ್ಲಿ ಸುರಿಸಿ ಹೋಗುವಷ್ಟು.

ಆದರೆ ಈ ಹನ್ನೆರಡು, ಐವತ್ತು ತಲೆಗಳಿಗೆ ಹಂಚಿಹೋದ ಮೇಲೆ ಉಳಿದದ್ದು. ಕಬಡ್ಡಿ ತಂಡದ ಲೆಕ್ಕವನ್ನೇ ಇಲ್ಲಿ ಮಾಡಿದರೆ ಐವತ್ತು ಹನ್ನೆರಡಲಿ 600 ಮಿ.ಮೀ. ಇಷ್ಟೂ ಬದಲಾದ ಹತ್ತು ಜಾಗಗಳಿಂದ ಬಂದದ್ದು, ಏಕೆಂದರೆ 1971ರಿಂದ 2010ರವರೆಗಿನ ನಲವತ್ತು ವರ್ಷಗಳು ಎರಡೂ ಪಂಕ್ತಿಗಳಲ್ಲಿ ಕೂತಿವೆ. ಆರುನೂರನ್ನು ಹತ್ತರಿಂದ ಭಾಗಿಸಿದರೆ 60. ಅಂದರೆ ಲೆಕ್ಕ ಹೇಳುವ ಪ್ರಕಾರ, ಹೊಸದಾಗಿ ಬಂದ 2011–20ರ ಹತ್ತು ಮುಂಗಾರುಗಳು, ಎದ್ದುಹೋದ 1961–70ರ ಹತ್ತು ಮುಂಗಾರುಗಳಿಗಿಂತ ವರ್ಷಕ್ಕೆ ಸರಾಸರಿ 60 ಮಿ.ಮೀ. ಕಡಿಮೆ ತಂದವು. ಹನ್ನೆರಡಕ್ಕೂ ಅರವತ್ತಕ್ಕೂ ಎಲ್ಲಿಯ ಹೋಲಿಕೆ?

ಇಲ್ಲಿ ಎರಡು ಕಡೆ ಕೈ ತಡೆದು ಮಾತಾಡಬೇಕು. ಮೊದಲನೆಯದು, ಈ ಲೆಕ್ಕ ಹೊಸ ದಶಕ ‘ಕೆಟ್ಟದ್ದು’ ಎಂದು ಹೇಳುತ್ತಿಲ್ಲ. ಹೋದ ದಶಕಕ್ಕಿಂತ ಕಡಿಮೆ ಎಂದಷ್ಟೇ ಹೇಳುತ್ತಿದೆ. ಹೋದವರಲ್ಲಿ 1961 ಕೂಡ ಇತ್ತು, ದೇಶ ಕಂಡ ಭಾರಿ ಮುಂಗಾರುಗಳಲ್ಲಿ ಅದೂ ಒಂದು. ಅಂಥ ಶ್ರೀಮಂತ ಎದ್ದುಹೋದ ಜಾಗಕ್ಕೆ ಮಧ್ಯಮ ವರ್ಗದವನು ಬಂದರೂ ಸರಾಸರಿ ಇಳಿಯುತ್ತದೆ. ಇಲಾಖೆಯೂ ಈ ಇಳಿಕೆಯನ್ನು, ಹಲವು ದಶಕಗಳ ಅವಧಿಯಲ್ಲಿ ಹೆಚ್ಚುತ್ತ ಕುಗ್ಗುತ್ತ ಸಾಗುವ ಮುಂಗಾರಿನ ಸಹಜ ಏರಿಳಿತದ ಭಾಗವೆಂದೇ ವಿವರಿಸಿತು. ಎರಡನೆಯದು, ಮಳೆ ಅಳೆಯುವ ಕೇಂದ್ರಗಳು. ಹೊಸ ವಾಡಿಕೆಗೆ ಲೆಕ್ಕ ಹಿಡಿದದ್ದು 4,132 ಕೇಂದ್ರಗಳನ್ನು. ಹಳೆಯ ಲೆಕ್ಕದಲ್ಲಿದ್ದ ಕೇಂದ್ರಗಳು ಇದಕ್ಕಿಂತ ಕಡಿಮೆ. ತಕ್ಕಡಿಯೇ ಬದಲಾಗಿರುವಾಗ ತೂಕದ ವ್ಯತ್ಯಾಸವನ್ನು ಪೂರ್ತಿ ಸರಕಿನ ಮೇಲೆ ಹೊರಿಸಲಾಗದು. ಆ ಅರವತ್ತರಲ್ಲಿ ಮಳೆಯದೆಷ್ಟು, ಅಳತೆಯದೆಷ್ಟು ಎಂಬುದನ್ನು ಈ ಎರಡು ಸರಾಸರಿಗಳಿಂದಷ್ಟೇ ಬಿಡಿಸಿ ಹೇಳಲು ಬರುವುದಿಲ್ಲ.

ಪಂಕ್ತಿ ಬದಲಾದದ್ದರ ಪರಿಣಾಮ ಮಾತ್ರ ಅಲ್ಲಿಂದಲೇ ಶುರು. ಮುಂಗಾರಿನ ಮುನ್ಸೂಚನೆ ಕೊಡುವಾಗ ಇಲಾಖೆ ವಾಡಿಕೆಯ ಶೇ 96ರಿಂದ 104ರವರೆಗಿನ ಮಳೆಯನ್ನು ‘ಸಾಮಾನ್ಯ’ ಎಂದೂ 90ರಿಂದ 95ರವರೆಗಿನದನ್ನು ‘ಸಾಮಾನ್ಯಕ್ಕಿಂತ ಕಡಿಮೆ’ ಎಂದೂ ವಿಂಗಡಿಸುತ್ತದೆ. ಯಾವುದೋ ಒಂದು ವರ್ಷ ದೇಶದಲ್ಲಿ 840 ಮಿ.ಮೀ. ಸುರಿಯಿತೆನ್ನಿ. ಹಳೆಯ ವಾಡಿಕೆಯಲ್ಲಿ ಅದು ಶೇ 95; ಸಾಮಾನ್ಯಕ್ಕಿಂತ ಕಡಿಮೆ. ಹೊಸ ವಾಡಿಕೆಯಲ್ಲಿ ಅದೇ ಮಳೆ ಶೇ 97ರ ಹತ್ತಿರ; ಸಾಮಾನ್ಯ. ಕೆರೆಗೆ ಬಂದ ನೀರಿನಲ್ಲಿ ಒಂದು ಬಿಂದಿಗೆಯೂ ಹೆಚ್ಚಾಗಿಲ್ಲ. ತಲೆಬರಹ ಮಾತ್ರ ಬದಲಾಯಿತು. ‘ಈ ಸಲ ವಾಡಿಕೆ ಮಳೆ ಆಗಿದೆಯಂತೆ, ಆದರೂ ನಮ್ಮಪ್ಪನ ಕಾಲದ ಹಾಗಿಲ್ಲ’ ಎಂದು ಹೊಲದ ಯಜಮಾನರೊಬ್ಬರು ಗೊಣಗಿದರೆ ಅದನ್ನು ಬರೀ ಮುಪ್ಪಿನ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ. ಅವರು ನೆನೆಯುತ್ತಿರುವ ಅರವತ್ತರ ದಶಕ ಈಗ ವಾಡಿಕೆಯ ಪಂಕ್ತಿಯಲ್ಲಿ ಇಲ್ಲವೇ ಇಲ್ಲ.

ಇದೇ ಪದ್ಧತಿ ಮುಂದುವರಿದರೆ ಮುಂದಿನ ಸಲ ಏಳಬೇಕಾದವರು 1971ರಿಂದ 1980ರವರೆಗಿನ ವರ್ಷಗಳು. ಅವುಗಳ ಜಾಗಕ್ಕೆ 2021ರಿಂದ 2030ರವರೆಗಿನವು ಬರುತ್ತವೆ. ಬಂದವರಲ್ಲಿ ಕೆಲವರ ಕೈಯಲ್ಲಿ ಏನಿದೆ ಎಂದು ಈಗಲೇ ಗೊತ್ತು. 2023 ತಂದದ್ದು 820 ಮಿ.ಮೀ., ಎಲ್ ನಿನೋ ಕಾಡಿದ ವರ್ಷ ಅದು. 2024 ತಂದದ್ದು 934.8. ಒಂದು ವಾಡಿಕೆಗಿಂತ 49ರಷ್ಟು ಕಡಿಮೆ, ಇನ್ನೊಂದು 66ರಷ್ಟು ಹೆಚ್ಚು. ಸೇರ್ಪಡೆಯ ಲೆಕ್ಕವಾಗಿದ್ದರೆ ಇಷ್ಟು ಸಾಕಿತ್ತು. ಇದು ಬದಲಾವಣೆಯಾದ್ದರಿಂದ ಏಳುವವರ ಕೈಯನ್ನೂ ನೋಡಬೇಕು. ಅವರಲ್ಲಿ 1972 ಇದೆ, 1979 ಇದೆ. ಎರಡೂ ದೇಶವನ್ನು ಹಿಂಡಿದ ಬರಗಾಲದ ವರ್ಷಗಳು. ಇನ್ನೂರು ಮಿ.ಮೀ. ಕೊರತೆಯಿದ್ದ ಒಂದು ವರ್ಷ ಎದ್ದುಹೋಗಿ ಅದರ ಜಾಗಕ್ಕೆ ಯಾವ ವಿಶೇಷವೂ ಇಲ್ಲದ, ವಾಡಿಕೆಯಷ್ಟೇ ಮಳೆ ತಂದ ವರ್ಷವೊಂದು ಕೂತರೆ ಐವತ್ತು ವರ್ಷಗಳ ಸರಾಸರಿ 4 ಮಿ.ಮೀ. ಏರುತ್ತದೆ. ಅಂಥವು ಎರಡಿದ್ದರೆ ಎಂಟು. ಉಳಿದ ಜಾಗಗಳಲ್ಲಿ ಲೆಕ್ಕ ಸರಿಸಮವಾದರೂ ಮುಂದಿನ ಪಟ್ಟಿ ಹೊರಬಿದ್ದ ದಿನ ‘ದೇಶದ ವಾಡಿಕೆ ಮಳೆ ಏರಿಕೆ’ ಎಂದು ಮುಖಪುಟದಲ್ಲಿ ಬರುತ್ತದೆ. ಆ ಏರಿಕೆಯಲ್ಲಿ ಹೊಸ ಮೋಡಗಳು ತಂದದ್ದೆಷ್ಟು, 1972 ಹೋಗುತ್ತ ಬಿಟ್ಟುಕೊಟ್ಟದ್ದೆಷ್ಟು ಎಂದು ನೋಡಲು ಹಳೆಯ ಪಂಕ್ತಿಯ ಹತ್ತು ಅಂಕಿಗಳನ್ನೂ ಹೊಸ ಪಂಕ್ತಿಯ ಹತ್ತು ಅಂಕಿಗಳನ್ನೂ ಅಕ್ಕಪಕ್ಕ ಬರೆದುಕೊಂಡು ಕೂತರಾಯಿತು.